ಹದಿನೈದರ ಬದಲು ಹತ್ತು: ಒಂದು ಓಜೀವ್ ಐದು ಅಂಕ ಎಡಕ್ಕೆ ಜರುಗಿದ ಪ್ರಕರಣ

ಹಿನ್ನೆಲೆ

ಶಿವಮೊಗ್ಗ ಜಿಲ್ಲೆಯ ಘಟ್ಟದ ಅಂಚಿನಲ್ಲಿರುವ ಒಂದು ಪ್ರೌಢಶಾಲೆಯಲ್ಲಿ ನಡೆದದ್ದು ಇದು. ಊರು, ಶಾಲೆ, ಶಿಕ್ಷಕರು, ಮಕ್ಕಳು ಯಾರ ಗುರುತೂ ಸಿಗದಂತೆ ವಿವರಗಳನ್ನು ಬದಲಿಸಿದೆ. ಲೆಕ್ಕದ ಸ್ವರೂಪ ಮಾತ್ರ ಹಾಗೆಯೇ ಇದೆ.

ಹತ್ತನೇ ತರಗತಿಯ ಎರಡು ವಿಭಾಗ ಸೇರಿ ಗಣಿತದ ಪೂರ್ವಸಿದ್ಧತಾ ಪರೀಕ್ಷೆ ಬರೆದವರು 60 ಮಂದಿ. ಪತ್ರಿಕೆ 80 ಅಂಕದ್ದು. ಅಡಿಕೆ ಕೊಯ್ಲಿನ ದಿನಗಳಾದ್ದರಿಂದ ಮೂವರು ಗೈರಾಗಿದ್ದರು. ಅವರಿಗೆ ಸೊನ್ನೆ ಹಾಕಿ ಲೆಕ್ಕಕ್ಕೆ ಸೇರಿಸದೆ, ಆಮೇಲೆ ಬೇರೆ ಪತ್ರಿಕೆ ಕೊಡುವುದೆಂದು ಶಾಲೆ ತೀರ್ಮಾನಿಸಿತ್ತು. ಇದು ಸರಿಯಾದ ತೀರ್ಮಾನವೇ. ಬರೆಯದವರ ಸೊನ್ನೆಯನ್ನು ಬರೆದವರ ಸೊನ್ನೆಯ ಜೊತೆ ಬೆರೆಸಿದರೆ, ಯಾವ ಅಂಕಕ್ಕಿಂತ ಕಡಿಮೆ ಎಷ್ಟು ಮಂದಿ ಎಂದು ತೋರಿಸುವ ವಕ್ರರೇಖೆಯ, ಅಂದರೆ ಓಜೀವ್‌ನ, ಬುಡವೇ ಸುಳ್ಳಾಗುತ್ತದೆ.

ಫಲಿತಾಂಶ ನೋಡಿದ ಮುಖ್ಯ ಶಿಕ್ಷಕರು, ತರಗತಿಯ ಕೆಳಗಿನ ಕಾಲುಭಾಗಕ್ಕೆ ಸಂಜೆ ಪರಿಹಾರ ಬೋಧನೆ ನಡೆಸೋಣ ಎಂದರು. 60ರಲ್ಲಿ ಕಾಲುಭಾಗ ಎಂದರೆ 15 ಮಕ್ಕಳು. ಈ ಸಂಖ್ಯೆ ಸುಮ್ಮನೆ ಬಂದದ್ದಲ್ಲ. ಆ ಕಡೆಯ ಮಕ್ಕಳು ತೋಟದ ನಡುವಿನ ಒಂಟಿ ಮನೆಗಳಿಂದ ಬರುವವರು, ಸಂಜೆಯ ಬಸ್ಸು ತಪ್ಪಿದರೆ ಅವತ್ತಿಗೆ ಬೇರೆ ಬಸ್ಸಿಲ್ಲ. ತಡವಾಗಿ ಬಿಟ್ಟರೆ ಮನೆ ಮುಟ್ಟಿಸಲು ಗಾಡಿ ಬೇಕು. ಶಾಲಾ ಸಮಿತಿಯವರು ಗೊತ್ತು ಮಾಡಿದ ಗಾಡಿಯಲ್ಲಿ ಕೂರಬಹುದಾದ ಮಕ್ಕಳು ಹದಿನೈದೇ.

ಯಾರು ಆ ಹದಿನೈದು ಮಂದಿ ಎಂದು ಹೇಳುವ ಕೆಲಸ ಗಣಿತದ ಮೇಷ್ಟ್ರ ಪಾಲಿಗೆ ಬಂತು. ಪಾಠದಲ್ಲಿ ಆಗಷ್ಟೇ ಓಜೀವ್ ಮುಗಿದಿತ್ತು. ತರಗತಿಯದೇ ಅಂಕಗಳಿಂದ ಆ ಸಂಚಿತ ಆವೃತ್ತಿ ವಕ್ರರೇಖೆ ಎಳೆದು, ಅದರಿಂದಲೇ ತರಗತಿಯನ್ನು ಎರಡು ಸಮಪಾಲು ಮಾಡುವ ಮಧ್ಯಾಂಕವನ್ನೂ ಕೆಳಗಿನ ಕಾಲುಭಾಗದ ಗಡಿಯಾದ 25ನೇ ಪರ್ಸೆಂಟೈಲನ್ನೂ ಓದಿದರೆ ಪಾಠವೂ ಆಯಿತು, ಪಟ್ಟಿಯೂ ಆಯಿತು ಎಂದು ಅವರು ಎಣಿಸಿದರು. ಎರಡೂ ವಿಭಾಗದ ಅಂಕಗಳನ್ನು ಗೀಟು ಹಾಕಿ ಎಣಿಸಿ ಮಾಡಿದ ಕೋಷ್ಟಕ ಹೀಗಿತ್ತು:

| ವರ್ಗಾಂತರ | ಆವೃತ್ತಿ | ಮಧ್ಯಬಿಂದು | ಸಂಚಿತ ಆವೃತ್ತಿ |
|---|---|---|---|
| 0–10 | 2 | 5 | 2 |
| 10–20 | 5 | 15 | 7 |
| 20–30 | 9 | 25 | 16 |
| 30–40 | 16 | 35 | 32 |
| 40–50 | 12 | 45 | 44 |
| 50–60 | 8 | 55 | 52 |
| 60–70 | 5 | 65 | 57 |
| 70–80 | 3 | 75 | 60 |

ಇಲ್ಲಿ 20–30 ಎಂದರೆ 20ರಿಂದ 29ರವರೆಗೆ. 30 ತೆಗೆದವರು ಮುಂದಿನ ಸಾಲಿಗೆ ಹೋಗುತ್ತಾರೆ. ಕೋಷ್ಟಕದಲ್ಲಿ ಒಂದೇ ಒಂದು ತಪ್ಪಿಲ್ಲ. ಆದರೆ ಮುಂದೆ ಆಗಲಿರುವ ತಪ್ಪಿಗೆ ಜಾಗ ಮಾಡಿಕೊಟ್ಟದ್ದು ಇದರ ಮೂರನೇ ಕಾಲಂ.

ಮೊದಲ ಹಾಳೆ

ಮೇಷ್ಟ್ರು ಅಡ್ಡ ಅಕ್ಷದಲ್ಲಿ 1 ಸೆಂ.ಮೀ.ಗೆ 10 ಅಂಕ, ಲಂಬ ಅಕ್ಷದಲ್ಲಿ 1 ಸೆಂ.ಮೀ.ಗೆ 5 ಮಕ್ಕಳು ಎಂದು ಪ್ರಮಾಣ ಇಟ್ಟುಕೊಂಡರು. ಬಿಂದುಗಳನ್ನು (5, 2), (15, 7), (25, 16), (35, 32) ಹೀಗೆ ಗುರುತಿಸಿ (75, 60)ಕ್ಕೆ ಮುಗಿಸಿದರು. ರೇಖೆ ಅಂದವಾಗಿಯೇ ಬಂತು. ಕೆಳಗೆ ಮೆಲ್ಲಗೆ ಏರಿ, ನಡುವೆ ಕಡಿದಾಗಿ, ಮೇಲೆ ಮತ್ತೆ ಚಪ್ಪಟೆಯಾಗುವ ಆ ಉದ್ದನೆಯ ಬಾಗು. ಗೋಥಿಕ್ ಕಟ್ಟಡಗಳ ಚೂಪು ಕಮಾನಿನ ಹೆಸರನ್ನು ಇಂಥ ರೇಖೆಗೆ ಇಟ್ಟವರು ಫ್ರಾನ್ಸಿಸ್ ಗಾಲ್ಟನ್, 1875ರಲ್ಲಿ.

60ರ ಅರ್ಧ 30. ಲಂಬ ಅಕ್ಷದ 30ರಿಂದ ಅಡ್ಡಗೆರೆ ಎಳೆದು, ಅದು ರೇಖೆಯನ್ನು ಮುಟ್ಟಿದಲ್ಲಿಂದ ನೇರ ಕೆಳಗಿಳಿದಾಗ ಸಿಕ್ಕಿದ್ದು 34ರ ಹತ್ತಿರ. ಮಧ್ಯಾಂಕ 34 ಎಂದು ಬರೆದರು. 60ರ ಕಾಲುಭಾಗ 15. ಆ ಎತ್ತರದಿಂದ ಇಳಿದಾಗ 24. ಹಾಗಾಗಿ 24ಕ್ಕಿಂತ ಕಡಿಮೆ ಅಂಕ ಬಂದವರ ಹೆಸರುಗಳನ್ನು ಅಂಕಪಟ್ಟಿಯಿಂದ ಆರಿಸಿ ನೋಟಿಸ್ ಬೋರ್ಡಿಗೆ ಹಾಕಿದರು.

ಹೆಸರುಗಳು ಹತ್ತೇ ಇದ್ದವು. ಪ್ರಕರಣದಲ್ಲಿ ಎಚ್ಚರಿಕೆಯ ಗಂಟೆ ಮೊದಲು ಬಾರಿಸಿದ್ದು ಇಲ್ಲಿ, ಯಾರಿಗೂ ಕೇಳಿಸಲಿಲ್ಲ. 25ನೇ ಪರ್ಸೆಂಟೈಲ್ ಎಂದರೆ ಯಾವ ಅಂಕದ ಕೆಳಗೆ ತರಗತಿಯ ಶೇ 25 ಮಂದಿ ಇದ್ದಾರೋ ಆ ಅಂಕ. 60ರಲ್ಲಿ ಹತ್ತು ಮಂದಿ ಎಂದರೆ ಸುಮಾರು ಶೇ 17. ಒಂದಿಬ್ಬರ ವ್ಯತ್ಯಾಸವಾಗಿದ್ದರೆ ರೇಖೆಯ ಅಂದಾಜು ಎನ್ನಬಹುದಿತ್ತು, ಐವರ ವ್ಯತ್ಯಾಸ ಅಂದಾಜಲ್ಲ. ಆದರೆ ಗಾಡಿಯಲ್ಲಿ ಐದು ಜಾಗ ಖಾಲಿ ಉಳಿದದ್ದು ಎಲ್ಲರಿಗೂ ಸಮಾಧಾನದ ಸುದ್ದಿಯಾಗಿಯೇ ಕಂಡಿತು. ಕೆಟ್ಟ ಸುದ್ದಿಯನ್ನು ಎರಡು ಸಲ ಎಣಿಸುತ್ತೇವೆ, ಒಳ್ಳೆಯದನ್ನು ಒಂದೇ ಸಲ. ಒಂದು ವಾರ ಹತ್ತು ಮಕ್ಕಳಿಗೇ ಪಾಠ ನಡೆಯಿತು.

ಒಂದೇ ಹಾಳೆಯಲ್ಲಿ ಎರಡು ಮಧ್ಯಾಂಕ

ಪೋಷಕರ ಸಭೆಗೆ ದೊಡ್ಡ ಚಾರ್ಟ್ ಬೇಕೆಂದಾಗ ಅದನ್ನು ಬರೆಯಲು ಕೂತವರು ವಿಜ್ಞಾನದ ಮೇಡಂ. ಅವರು ಮೇಷ್ಟ್ರ ಹಾಳೆಯನ್ನು ನಕಲು ಮಾಡಿ, ಜೊತೆಗೆ ಅಧಿಕ ವಿಧಾನದ ಓಜೀವನ್ನೂ ಸೇರಿಸಿದರು. ಎರಡು ರೇಖೆ ಕತ್ತರಿಸಿದಲ್ಲಿ ಮಧ್ಯಾಂಕ ಎಂದು ತೋರಿಸುವುದು ನೋಡುವವರಿಗೆ ಸುಲಭ ಎಂಬುದು ಅವರ ಎಣಿಕೆ. ‘ಇಷ್ಟು ಅಥವಾ ಇದಕ್ಕಿಂತ ಹೆಚ್ಚು’ ಬಂದವರ ಸಂಖ್ಯೆಗಳು ಮೇಲಿನಿಂದ 60, 58, 53, 44, 28, 16, 8, 3. ಮೇಷ್ಟ್ರು ಮಧ್ಯಬಿಂದುಗಳ ಮೇಲೆ ಇಟ್ಟಿದ್ದರಿಂದ ಇವನ್ನೂ ಅಲ್ಲೇ ಇಟ್ಟರು: (5, 60), (15, 58), (25, 53), (35, 44), (45, 28).

ರೇಖೆಗಳು ಕತ್ತರಿಸಿದ್ದು 39ರ ಮೇಲೆ.

“ಸರ್, ನೀವು ಮಧ್ಯಾಂಕ 34 ಅಂದಿದ್ರಿ. ಇಲ್ಲಿ 39 ಬರ್ತಿದೆ.”

“ಕೈ ಅಲ್ಲಾಡಿರ್ಬೇಕು ಮೇಡಂ.”

“ಕೈ ಅಲ್ಲಾಡಿದ್ರೆ ಒಂದಂಕ ಆಚೆ ಈಚೆ ಆಗ್ಬಹುದು. ಐದು ಹೇಗಾಗತ್ತೆ?”

ಮೇಡಂ ಕೇಳಿದ್ದು ನ್ಯಾಯವಾದ ಪ್ರಶ್ನೆ. ಆ ಪ್ರಮಾಣದಲ್ಲಿ ಹಾಳೆಯ 1 ಮಿ.ಮೀ. ಎಂದರೆ 1 ಅಂಕ. ಮೊನಚಾದ ಪೆನ್ಸಿಲ್ಲಿನಲ್ಲಿ ಎಳೆದವರಿಗೆ ಅರ್ಧ ಸೆಂಟಿಮೀಟರ್ ತಪ್ಪುವುದಿಲ್ಲ. ಇಷ್ಟಾದರೂ ಮೊದಲ ಗುಮಾನಿ ಹೋದದ್ದು ಕೈಯ ಮೇಲೆಯೇ.

ಏನೇನು ಮಾಡಿ ನೋಡಿದರು

ಮೊದಲು ಪ್ರಮಾಣ ದೊಡ್ಡದು ಮಾಡಿದರು. 2 ಸೆಂ.ಮೀ.ಗೆ 10 ಅಂಕ ಎಂದಿಟ್ಟರೆ ಅಡ್ಡ ಅಕ್ಷ 16 ಸೆಂ.ಮೀ. ಉದ್ದವಾಗಿ ಒಂದು ಮಿಲಿಮೀಟರಿಗೆ ಅರ್ಧ ಅಂಕ ಸಿಗುತ್ತದೆ. ಹೊಸ ಹಾಳೆಯಲ್ಲಿ ಮಧ್ಯಾಂಕ ಇನ್ನಷ್ಟು ಸ್ಪಷ್ಟವಾಗಿ 33.75 ಎಂದು ಬಂತು. ತಪ್ಪನ್ನೇ ಹೆಚ್ಚು ನಿಖರವಾಗಿ ಓದಿದಂತಾಯಿತು. ದೊಡ್ಡ ಪ್ರಮಾಣ ಓದುವ ತಪ್ಪನ್ನು ತಗ್ಗಿಸುತ್ತದೆ. ಬಿಂದು ಕೂತ ಜಾಗವೇ ತಪ್ಪಾಗಿದ್ದರೆ ಅದನ್ನು ಹಾಗೆಯೇ ಉಳಿಸುತ್ತದೆ.

ಆಮೇಲೆ ಬಂದದ್ದು 30 ಇಡಬೇಕೋ 30.5 ಇಡಬೇಕೋ ಎಂಬ ಚರ್ಚೆ. ಬಿಡಿ ಅಂಕಗಳನ್ನು ಸಾಲಾಗಿ ಜೋಡಿಸಿದಾಗ ಮಧ್ಯದ ಸ್ಥಾನ (n + 1)/2 ತಾನೇ ಎಂದು ಮೇಷ್ಟ್ರು ಕೇಳಿದರು. ವರ್ಗೀಕರಿಸಿದ ದತ್ತಾಂಶದಲ್ಲಿ, ಅಂದರೆ ಓಜೀವ್‌ನಲ್ಲಿ, n/2 ಇಡುವುದೇ ರೂಢಿ. ರೇಖೆ ಒಬ್ಬೊಬ್ಬರನ್ನೂ ಬೇರೆ ಬೇರೆ ಲೆಕ್ಕಿಸುವುದಿಲ್ಲ, ಮಕ್ಕಳ ಸಂಖ್ಯೆಯನ್ನು ಒಂದು ಉದ್ದದಂತೆ ಹರಡುತ್ತದೆ. ಆ ಉದ್ದದ ಅರ್ಧ 30. ಹೇಗೂ 30.5 ಇಟ್ಟು ನೋಡಿದರು. 34.06 ಬಂತು. ಐದು ಅಂಕದ ಕಂದಕ 0.3 ಅಂಕದಷ್ಟು ತುಂಬಿತು, ಅಷ್ಟೆ.

ಬಿಂದುಗಳನ್ನು ಸ್ಕೇಲ್ ಇಟ್ಟು ಸೇರಿಸಬೇಕೋ ಕೈಯಲ್ಲಿ ನಯವಾಗಿ ಎಳೆಯಬೇಕೋ ಎಂದೂ ನೋಡಿದರು. ಎರಡು ಬಗೆಯಲ್ಲೂ ರೇಖೆ ಅವೇ ಬಿಂದುಗಳ ಮೂಲಕ ಹಾಯುತ್ತದೆ, ಹೀಗಾಗಿ ವ್ಯತ್ಯಾಸ ಒಂದಂಕ ದಾಟಲಿಲ್ಲ.

ತಿರುವು ಕೊಟ್ಟದ್ದು ಹಾಳೆಯ ಮೇಲ್ತುದಿ. ಮೇಡಂ ಬೆರಳಿಟ್ಟು ಕೇಳಿದರು: “ಈ ಗೆರೆ 75ಕ್ಕೇ 60 ಮುಟ್ಟಿಬಿಟ್ಟಿದೆ. ಅಂದ್ರೆ ಎಲ್ರೂ 75ರ ಒಳಗೆ. ಹಾಗಾದ್ರೆ 77 ತಗೊಂಡ ಹುಡುಗಿ ಎಲ್ಲಿ ಹೋದ್ಲು?”

ತಪ್ಪು ಅಲ್ಲಿಗೆ ಬಯಲಾಯಿತು.

ತಪ್ಪು ಎಲ್ಲಿತ್ತು, ಯಾಕಾಯಿತು

ಸಂಚಿತ ಆವೃತ್ತಿ 16 ಎಂಬ ಸಂಖ್ಯೆ ಒಂದು ವಾಕ್ಯ. ‘30ಕ್ಕಿಂತ ಕಡಿಮೆ ಬಂದವರು 16 ಮಂದಿ’ ಎಂಬುದು ಆ ವಾಕ್ಯ. ಅದರೊಳಗಿನ ಅಂಕ 30, ಅಂದರೆ ವರ್ಗದ ಮೇಲ್ಮಿತಿ. ಹಾಗಾಗಿ ಬಿಂದು (30, 16). ಅದನ್ನು 25ರ ಮೇಲೆ ಇಟ್ಟರೆ ‘25ಕ್ಕಿಂತ ಕಡಿಮೆ ಬಂದವರು 16 ಮಂದಿ’ ಎಂದು ಹೇಳಿದಂತೆ. ಅದು ಸುಳ್ಳು. 20–30ರ ಒಂಬತ್ತು ಮಕ್ಕಳನ್ನೂ ಎಣಿಸಿ ಮುಗಿಸಿದ ಮೇಲಷ್ಟೇ 16 ಆಗುತ್ತದೆ, 25ರಲ್ಲಿ ಎಣಿಕೆ ಇನ್ನೂ ಮುಗಿದಿಲ್ಲ.

ಮೇಷ್ಟ್ರಿಗೆ ಇದು ಗೊತ್ತಿಲ್ಲದ್ದೇನಲ್ಲ. ಆದರೆ ಆವೃತ್ತಿ ಬಹುಭುಜ ಎಳೆಯುವಾಗ ಬಿಂದು ಕೂರುವುದು ಮಧ್ಯಬಿಂದುವಿನ ಮೇಲೆ. ಸರಾಸರಿ ಕಂಡುಹಿಡಿಯುವಾಗ ಗುಣಿಸುವುದೂ ಮಧ್ಯಬಿಂದುವಿನಿಂದ. ಅದೇ ಕೋಷ್ಟಕದಲ್ಲಿ ಸರಾಸರಿ ಮಾಡಿ ಮುಗಿಸಿದ್ದರಿಂದ ಮಧ್ಯಬಿಂದುವಿನ ಕಾಲಂ ಸಂಚಿತ ಆವೃತ್ತಿಯ ಪಕ್ಕದಲ್ಲೇ ಕೂತಿತ್ತು, ಕಣ್ಣು ಅಲ್ಲಿಂದಲೇ ಜೋಡಿಯನ್ನು ಎತ್ತಿಕೊಂಡಿತು. ಮಕ್ಕಳ ಉತ್ತರ ಪತ್ರಿಕೆಯಲ್ಲಿ ಈ ತಪ್ಪು ಕಂಡರೆ ಕಾರಣ ಬಹುಪಾಲು ಇದೇ ಇರುತ್ತದೆ.

ವರ್ಗದ ಅಗಲ 10 ಇದ್ದುದರಿಂದ ಇಡೀ ರೇಖೆ ಅದರ ಅರ್ಧದಷ್ಟು, ಅಂದರೆ 5 ಅಂಕ, ಎಡಕ್ಕೆ ಜರುಗಿತ್ತು. ಬಾಗು ಬದಲಾಗಿರಲಿಲ್ಲ, ಅದಕ್ಕೇ ನೋಟಕ್ಕೆ ಏನೂ ಅನುಮಾನ ಬರಲಿಲ್ಲ. ಎತ್ತರದಿಂದ ಅಂಕಕ್ಕೆ ಇಳಿಯುವಾಗ ಎಲ್ಲ ಉತ್ತರವೂ 5 ಅಂಕ ಕಡಿಮೆ ಬರುತ್ತಿತ್ತು.

ಎರಡು ರೇಖೆಗಳ ವಿಷಯ ಇನ್ನೂ ಸ್ವಾರಸ್ಯದ್ದು. ಅಧಿಕ ವಿಧಾನದಲ್ಲಿ ಬಿಂದು ಇಡಬೇಕಾದ್ದು ಕೆಳಮಿತಿಯ ಮೇಲೆ. ಮೇಡಂ ಮಧ್ಯಬಿಂದುವಿನ ಮೇಲೆ ಇಟ್ಟದ್ದರಿಂದ ಆ ರೇಖೆ 5 ಅಂಕ ಬಲಕ್ಕೆ ಜರುಗಿತು. ಒಂದು ಎಡಕ್ಕೆ, ಇನ್ನೊಂದು ಬಲಕ್ಕೆ. ಎರಡು ತಪ್ಪುಗಳೂ ಒಂದನ್ನೊಂದು ಎಳೆದು, ಕತ್ತರಿಸಿದ ಬಿಂದು 39.3ರಲ್ಲಿ ನಿಂತಿತು. ನಿಜವಾದ ಮಧ್ಯಾಂಕಕ್ಕೆ ಅದು ಬಹಳ ಹತ್ತಿರ! ಅಡ್ಡ ಅಕ್ಷವನ್ನಷ್ಟೇ ನೋಡಿದವರು ಈ ಚಾರ್ಟನ್ನು ಸರಿ ಎಂದು ಒಪ್ಪಿಬಿಡುತ್ತಿದ್ದರು.

ಗುಟ್ಟು ಬಯಲಾಗುವುದು ಕತ್ತರಿಸಿದ ಎತ್ತರದಲ್ಲಿ. ಯಾವುದೇ ಅಂಕ ತೆಗೆದುಕೊಳ್ಳಿ, ಅದಕ್ಕಿಂತ ಕಡಿಮೆ ಬಂದವರೂ ಅಷ್ಟು ಅಥವಾ ಹೆಚ್ಚು ಬಂದವರೂ ಸೇರಿದರೆ 60 ಆಗಲೇಬೇಕು. ಎರಡೂ ಸಮನಾದಲ್ಲಿ ತಲಾ 30. ಮೇಡಂ ಚಾರ್ಟಿನಲ್ಲಿ ರೇಖೆಗಳು ಕೂಡಿದ್ದು 37ರ ಎತ್ತರದಲ್ಲಿ. 37 ಮತ್ತು 37 ಸೇರಿದರೆ 74 ಮಕ್ಕಳು, ಪರೀಕ್ಷೆ ಬರೆದವರು 60. ಕತ್ತರಿಸಿದ ಬಿಂದುವಿನಿಂದ ಕೆಳಗಿಳಿಯುವ ಮೊದಲು ಎಡಕ್ಕೆ ಒಂದು ಗೆರೆ ಎಳೆದು ಎತ್ತರ ನೋಡಿದ್ದರೆ ಅರ್ಧ ದಿನ ಉಳಿಯುತ್ತಿತ್ತು.

ಸರಿಪಡಿಸಿದ ಹಾಳೆ

ಹೊಸ ಬಿಂದುಗಳು (0, 0), (10, 2), (20, 7), (30, 16), (40, 32), (50, 44), (60, 52), (70, 57), (80, 60). ಮೊದಲ ಬಿಂದುವನ್ನು ಬಿಡಬಾರದು. ಸೊನ್ನೆಗಿಂತ ಕಡಿಮೆ ಬಂದವರು ಯಾರೂ ಇಲ್ಲ ಎಂಬುದೂ ಒಂದು ಮಾಹಿತಿಯೇ, ಅದಿಲ್ಲದೆ ರೇಖೆ ಗಾಳಿಯಲ್ಲಿ ಶುರುವಾಗುತ್ತದೆ. ಹಳೆಯ ಹಾಳೆಯಲ್ಲಿ ರೇಖೆ (5, 2)ರಲ್ಲಿ ತೇಲುತ್ತಿದ್ದುದೂ ಒಂದು ಸುಳಿವಾಗಿತ್ತು.

ಈಗ 30ರ ಎತ್ತರದ ಗೆರೆ 30 ಮತ್ತು 40 ಅಂಕಗಳ ನಡುವೆ ರೇಖೆಯನ್ನು ಮುಟ್ಟಿತು. ಕೆಳಗಿಳಿದಾಗ 39ಕ್ಕೆ ಕೂದಲೆಳೆಯಷ್ಟು ಮೊದಲು. ಸೂತ್ರದಿಂದ ತಾಳೆ ನೋಡಿದರು:

```
ಮಧ್ಯಾಂಕ = l + ((n/2 − cf) / f) × h
        = 30 + ((30 − 16) / 16) × 10
        = 38.75
```

ಸೂತ್ರ ಮಾಡುವುದೂ ರೇಖೆ ಮಾಡುವುದೂ ಒಂದೇ ಕೆಲಸ. 30 ಅಂಕದವರೆಗೆ 16 ಮಂದಿ ಆದರು, ಇನ್ನು 14 ಮಂದಿ ಬೇಕು. ಈ ವರ್ಗದ 10 ಅಂಕದ ಅಗಲದಲ್ಲಿ 16 ಮಂದಿ ಸಮವಾಗಿ ಹರಡಿದ್ದಾರೆ ಎಂದುಕೊಂಡರೆ 14 ಮಂದಿಗೆ 8.75 ಅಂಕದಷ್ಟು ದೂರ ಹೋಗಬೇಕು. ಬಿಡಿ ಅಂಕಗಳನ್ನು ಸಾಲಾಗಿ ಜೋಡಿಸಿ ನೋಡಿದಾಗ 30ನೆಯವರದು 38, 31ನೆಯವರದು 39, ಮಧ್ಯಾಂಕ 38.5. ಕಾಲು ಅಂಕದ ವ್ಯತ್ಯಾಸ.

ಅದೇ ರೀತಿ 15ರ ಎತ್ತರದಿಂದ ಇಳಿದಾಗ 25ನೇ ಪರ್ಸೆಂಟೈಲ್ 28.9, 45ರ ಎತ್ತರದಿಂದ 75ನೇ ಪರ್ಸೆಂಟೈಲ್ 51.25. ಅಧಿಕ ವಿಧಾನದ ರೇಖೆಯನ್ನು ಕೆಳಮಿತಿಗಳ ಮೇಲೆ ಮತ್ತೆ ಎಳೆದಾಗ ಎರಡೂ 30ರ ಎತ್ತರದಲ್ಲೇ ಕೂಡಿದವು.

ಪೋಷಕರಿಗೆ ಹೇಳಬೇಕಾಗಿದ್ದ ಮಾತೂ ಈ ಹೊತ್ತಿಗೆ ಬದಲಾಯಿತು. 52 ಅಂಕ ಬಂದ ಹುಡುಗನ ಸ್ಥಾನ ಎಲ್ಲಿ ಎಂದು ತಿಳಿಯಲು ದಾರಿ ತಿರುವುಮುರುವು: ಅಡ್ಡ ಅಕ್ಷದ 52ರಿಂದ ಮೇಲೆ ಹತ್ತಿ, ರೇಖೆ ಸಿಕ್ಕಲ್ಲಿಂದ ಎಡಕ್ಕೆ ಹೋಗಬೇಕು. ಸರಿಯಾದ ರೇಖೆಯಲ್ಲಿ ಎತ್ತರ 45.6, 60ಕ್ಕೆ ಶೇಕಡಾ ಮಾಡಿದರೆ 76. ಹಳೆಯ ರೇಖೆಯಲ್ಲಿ ಇದೇ ಹುಡುಗನಿಗೆ 49.6, ಅಂದರೆ 83 ಬರುತ್ತಿತ್ತು. ಒಂದೇ ಜರುಗು, ಅಂಕ ಓದಿದರೆ ತಗ್ಗಿಸುತ್ತದೆ, ಸ್ಥಾನ ಓದಿದರೆ ಉಬ್ಬಿಸುತ್ತದೆ. ಅವನ ತಂದೆ ಸಭೆಯಲ್ಲಿ “52ಕ್ಕೆ 76 ಪರ್ಸೆಂಟ್ ಹೆಂಗ್ ಬಂತು ಮೇಷ್ಟ್ರೇ?” ಎಂದು ಕೇಳಿದರು. ಅಂಕದ ಶೇಕಡಾ 65 (80ಕ್ಕೆ 52), ಪರ್ಸೆಂಟೈಲ್ 76 ಎಂದರೆ ನೂರಕ್ಕೆ 76 ಮಂದಿ ಅವನ ಹಿಂದಿದ್ದಾರೆ ಎಂದು ಮೇಷ್ಟ್ರು ರೇಖೆಯ ಮೇಲೆ ಬೆರಳಾಡಿಸಿ ತೋರಿಸಿದ ಮೇಲೆ ಅವರಿಗೆ ಅರ್ಥವಾಯಿತು. ಬಾಯಿಮಾತಿನಲ್ಲಿ ಇವೆರಡನ್ನು ಬಿಡಿಸಿ ಹೇಳುವುದು ಕಷ್ಟ, ರೇಖೆ ಇದ್ದರೆ ಸುಲಭ.

ಎರಡನೇ ತೊಡಕು: 28ರ ಗಂಟು

ರೇಖೆ ಸರಿಯಾಯಿತು, ಇನ್ನು ಪಟ್ಟಿ ತಾನಾಗಿ ಸರಿಹೋಗುತ್ತದೆ ಎಂದುಕೊಂಡರು. 28.9 ಎಂದರೆ 29ಕ್ಕಿಂತ ಕಡಿಮೆ ಬಂದವರು. ಎಣಿಸಿದರೆ ಹದಿನಾರು ಮಂದಿ. ಗಾಡಿಯಲ್ಲಿ ಜಾಗ ಹದಿನೈದು. ಒಬ್ಬರನ್ನು ಬಿಡಲು ಗೆರೆಯನ್ನು 28ಕ್ಕೆ ಇಳಿಸಿದರೆ ಹನ್ನೊಂದೇ ಮಂದಿ. ನಡುವೆ ಹದಿನೈದು ಎಲ್ಲೂ ಸಿಗುವುದಿಲ್ಲ.

ಆ ವರ್ಗದ ಒಂಬತ್ತು ಅಂಕಗಳನ್ನು ಬಿಡಿಸಿ ಬರೆದಾಗ ಕಾರಣ ಕಂಡಿತು: 20, 21, 23, 24, ಆಮೇಲೆ 28, 28, 28, 28, 28. ಐವರೂ ಒಂದೇ ಅಂಕದಲ್ಲಿ ಗಂಟು ಕಟ್ಟಿಕೊಂಡಿದ್ದರು. 25, 26, 27, 29ರಲ್ಲಿ ಯಾರೂ ಇಲ್ಲ.

ವರ್ಗದ ಅಗಲ ಕಡಿಮೆ ಮಾಡಿದರೆ ಗಂಟು ಬಿಚ್ಚಿಕೊಳ್ಳಬಹುದೇ ಎಂದು ಮೇಷ್ಟ್ರು 20–25, 25–30 ಎಂದು ಒಡೆದು ನೋಡಿದರು. ಮೊದಲನೆಯದರಲ್ಲಿ 4, ಎರಡನೆಯದರಲ್ಲಿ 5. 25 ಅಂಕಕ್ಕೆ ಸಂಚಿತ ಆವೃತ್ತಿ 11, 15 ಮುಟ್ಟಲು ಇನ್ನೂ 4 ಬೇಕು. 5 ಅಂಕದ ಅಗಲದಲ್ಲಿ ಐವರಿರುವುದರಿಂದ ತಲಾ ಒಂದಂಕ, ಉತ್ತರ 29. ಮೊದಲಿಗಿಂತ ಉತ್ತಮವಾಗಲಿಲ್ಲ. ಯಾಕೆಂದರೆ ಸಣ್ಣ ವರ್ಗದಲ್ಲೂ ಓಜೀವ್ ಮಾಡುವ ಊಹೆ ಅದೇ, ಒಳಗಿನವರು ಸಮವಾಗಿ ಹರಡಿದ್ದಾರೆ ಎಂಬುದು. ಬಿಡಿ ಅಂಕಗಳಿಂದಲೇ ರೇಖೆ ಎಳೆದರೆ 28ರಲ್ಲಿ ಅದು ಓರೆಯಾಗಿ ಏರದೆ 11ರಿಂದ 16ಕ್ಕೆ ಗೋಡೆಯಂತೆ ನೆಟ್ಟಗೆ ನಿಲ್ಲುತ್ತದೆ. 15ರ ಎತ್ತರದ ಗೆರೆ ಆ ಗೋಡೆಗೆ ಬಡಿಯುತ್ತದೆ. ಹೀಗಾಗಿ 25ನೇ ಪರ್ಸೆಂಟೈಲ್ 28 ಎಂದು ಹೇಳಬಹುದು, ಗೋಡೆಯ ಮೇಲಿನ ಐವರಲ್ಲಿ ಯಾರು ಒಳಗೆ ಯಾರು ಹೊರಗೆ ಎಂದು ರೇಖೆ ಹೇಳಲಾರದು.

28ರಲ್ಲೇ ಗಂಟು ಯಾಕೆ? ಆ ಪರೀಕ್ಷೆಗೆ ಶಾಲೆ ಇಟ್ಟುಕೊಂಡಿದ್ದ ಪಾಸಿನ ಅಂಕ 28. ಐವರ ಉತ್ತರ ಪತ್ರಿಕೆ ತೆಗೆದು ನೋಡಿದಾಗ, ಇಬ್ಬರಿಗೆ 26 ಮತ್ತು ಒಬ್ಬರಿಗೆ 27 ಬಂದದ್ದನ್ನು ತಿದ್ದುವವರು ಅಲ್ಲಲ್ಲಿ ಅರ್ಧ, ಒಂದು ಸೇರಿಸಿ ದಡ ಹತ್ತಿಸಿದ್ದು ತಿಳಿಯಿತು. ಮಕ್ಕಳಿಗೆ ಧೈರ್ಯವಾಗಲಿ ಎಂಬ ಒಳ್ಳೆಯ ಮನಸ್ಸಿನಿಂದ ಮಾಡಿದ್ದೇ. ಆದರೆ ಯಾರಿಗೆ ಸಂಜೆಯ ಪಾಠ ಹೆಚ್ಚು ಬೇಕಿತ್ತೋ ಅವರನ್ನೇ ಅದು ಗೆರೆಯ ಆಚೆಗೆ ದಾಟಿಸಿಬಿಟ್ಟಿತ್ತು. ಪಾಸಿನ ಅಂಕದ ಮೇಲೆ ಗಂಟು, ಅದರ ಕೆಳಗಿನ ಎರಡು ಮೂರು ಅಂಕ ಖಾಲಿ: ಅಂಕಪಟ್ಟಿಯಲ್ಲಿ ಈ ಚಿತ್ರ ಕಂಡಲ್ಲಿ ಕೃಪಾಂಕ ನಡೆದಿರಬಹುದೆಂದು ಪತ್ರಿಕೆ ತೆಗೆದು ನೋಡುವುದು ಒಳ್ಳೆಯದು. 10 ಅಂಕದ ವರ್ಗ ಮಾಡಿದೊಡನೆ ಈ ಚಿತ್ರ ಅಳಿಸಿಹೋಗುತ್ತದೆ.

ತೀರ್ಮಾನ ಮತ್ತು ಅದರಿಂದ ಸಿಕ್ಕಿದ್ದು

ಪಟ್ಟಿಯ ಮಟ್ಟಿಗೆ ಮೂವರ ನಿಜವಾದ ಅಂಕವನ್ನೇ ತೆಗೆದುಕೊಂಡರು. 28ಕ್ಕಿಂತ ಕಡಿಮೆ ಬಂದವರು ಈಗ ಹದಿನಾಲ್ಕು. 28ರಲ್ಲೇ ಉಳಿದವರು ಇಬ್ಬರು. ಅವರಲ್ಲಿ ಒಬ್ಬರನ್ನು ಆರಿಸಲು ಅಂಕದಲ್ಲಿ ಯಾವ ಆಧಾರವೂ ಇರಲಿಲ್ಲ, ಚೀಟಿ ಎತ್ತೋಣ ಎಂಬ ಮಾತೂ ಬಂತು. ಕೊನೆಗೆ ಇಬ್ಬರನ್ನೂ ಸೇರಿಸಿದರು. ಒಬ್ಬಳ ಮನೆ ಶಾಲೆಯಿಂದ ನಡೆದು ಹೋಗುವಷ್ಟು ಹತ್ತಿರ, ಅವಳಿಗೆ ಗಾಡಿಯೇ ಬೇಕಿರಲಿಲ್ಲ. ಹದಿನಾರು ಮಕ್ಕಳಿಗೆ ಪಾಠ, ಹದಿನೈದು ಜಾಗದ ಗಾಡಿ.

ಮೊದಲ ಪಟ್ಟಿಯಿಂದ ಬಿಟ್ಟುಹೋಗಿದ್ದವರು ಒಟ್ಟು ಆರು. ಅವರಲ್ಲಿ ಹೆಚ್ಚು ನಷ್ಟವಾದದ್ದು 24 ಬಂದ ಹುಡುಗನಿಗೆ. ಕಡೆಯಿಂದ ಹನ್ನೊಂದನೆಯವನಾಗಿದ್ದೂ, ಗೆರೆಯ ಮೇಲೆಯೇ ನಿಂತಿದ್ದಾನೆಂದು ಒಂದು ವಾರದ ಪಾಠ ತಪ್ಪಿತು.

ಈ ಪ್ರಕರಣವನ್ನು ಬೇರೆ ಶಿಕ್ಷಕರ ಜೊತೆ ಕೂತು ನೋಡಿದಾಗ ಮುಖ್ಯವಾಗಿ ಉಳಿದ ಮಾತು, ಬಿಡಿ ಅಂಕ ಕೈಯಲ್ಲಿರುವಾಗ ಹೆಸರಿನ ಪಟ್ಟಿಯನ್ನು ರೇಖೆಯಿಂದ ಮಾಡಬೇಕಿರಲಿಲ್ಲ ಎಂಬುದು. 60 ಅಂಕಗಳನ್ನು ಏರಿಕೆ ಕ್ರಮದಲ್ಲಿ ಬರೆಯಲು ಹತ್ತು ನಿಮಿಷ ಸಾಕು, ಗಂಟುಗಳೂ ಅಲ್ಲೇ ಕಾಣುತ್ತವೆ. ಓಜೀವ್ ಬೇಕಾಗುವುದು ಕೋಷ್ಟಕ ಮಾತ್ರ ಸಿಕ್ಕಾಗ, ಯಾವ ಪರ್ಸೆಂಟೈಲ್ ಕೇಳಿದರೂ ಒಂದೇ ಹಾಳೆಯಿಂದ ಓದಬೇಕಾದಾಗ, ಅಥವಾ ತರಗತಿಯ ಚಿತ್ರವನ್ನು ಬೇರೆಯವರಿಗೆ ತೋರಿಸಬೇಕಾದಾಗ.

ರೇಖೆ ಎಳೆದ ಮೇಲೆ ಈಗ ಅಲ್ಲಿ ಮೊದಲು ನೋಡುವುದು ಎರಡು ತುದಿಗಳನ್ನು. ಬುಡ ಅಕ್ಷದ ಮೇಲೆ ಕೂತಿದೆಯೇ, ಎಲ್ಲರಿಗಿಂತ ಹೆಚ್ಚು ಅಂಕ ಬಂದವರನ್ನು ದಾಟುವ ಮೊದಲೇ ರೇಖೆ ಒಟ್ಟು ಸಂಖ್ಯೆ ಮುಟ್ಟಿಬಿಟ್ಟಿದೆಯೇ ಎಂದು. ಆಮೇಲೆ, ಓದಿದ ಅಂಕದ ಕೆಳಗೆ ನಿಜವಾಗಿ ಎಷ್ಟು ಮಂದಿ ಇದ್ದಾರೆಂದು ಅಂಕಪಟ್ಟಿಯಲ್ಲಿ ಎಣಿಸುತ್ತಾರೆ. ಎರಡು ರೇಖೆ ಇದ್ದರೆ ಕತ್ತರಿಸಿದ ಎತ್ತರವನ್ನೂ ನೋಡುತ್ತಾರೆ.

ಇನ್ನೊಂದು ಮಿತಿಯನ್ನು ಅವರು ಚಾರ್ಟಿನ ಮೇಲೆಯೇ ಪೆನ್ಸಿಲ್ಲಿನಲ್ಲಿ ಗುರುತು ಮಾಡಿಟ್ಟಿದ್ದಾರೆ. ಲಂಬ ಅಕ್ಷದಲ್ಲಿ ಕಣ್ಣು 1 ಮಿ.ಮೀ. ತಪ್ಪಿದರೆ ಅರ್ಧ ಮಗುವಿನಷ್ಟು ವ್ಯತ್ಯಾಸ. ರೇಖೆ ಕಡಿದಾಗಿರುವ 30–40ರಲ್ಲಿ ಅದರಿಂದ ಅಂಕ ಬದಲಾಗುವುದು 0.3 ಮಾತ್ರ. 70–80ರಲ್ಲಿ ಹತ್ತು ಅಂಕದ ಅಗಲಕ್ಕೆ ಮೂವರೇ ಇರುವುದರಿಂದ ರೇಖೆ ಮಲಗಿಬಿಟ್ಟಿದೆ, ಅಲ್ಲಿ ಅದೇ ಒಂದು ಮಿಲಿಮೀಟರ್ 1.7 ಅಂಕವಾಗುತ್ತದೆ. ಹಾಗಾಗಿ 70ರಿಂದಾಚೆಗೆ ‘ಇಲ್ಲಿ ರೇಖೆ ಓದಬೇಡಿ, ಪಟ್ಟಿ ನೋಡಿ’ ಎಂದು ಬರೆದಿದೆ. ಮಧ್ಯಬಿಂದುಗಳ ಮೇಲೆ ಕೂತ ಹಳೆಯ ಹಾಳೆಯನ್ನೂ ಎಸೆದಿಲ್ಲ. ಹತ್ತನೇ ತರಗತಿಗೆ ಓಜೀವ್ ಪಾಠ ಬಂದಾಗ ಅದನ್ನು ಬೋರ್ಡಿಗೆ ಅಂಟಿಸಿ, 77 ಬಂದ ಹುಡುಗಿಯನ್ನು ಈ ರೇಖೆಯಲ್ಲಿ ಹುಡುಕಿ ಎಂದು ಮಕ್ಕಳಿಗೆ ಹೇಳುತ್ತಾರೆ.